ಡಾಲ್ಗೋನಾ ಕಾಫಿ: ನೊರೆ ಯಾಕೆ ಏಳಲ್ಲ?

"ಇನ್‌ಸ್ಟಂಟ್ ಪುಡಿನೇ ಹಾಕಿದ್ದು. 20 ನಿಮಿಷ ಕಡೆದರೂ ನೀರಾಗೇ ಇದೆ, ಯಾಕೆ?"

ಬಹುಶಃ ನೀರು ಜಾಸ್ತಿಯಾಗಿದೆ. ತೀರ್ಥಹಳ್ಳಿಯ ನಮ್ಮ ಮನೆಯಲ್ಲೂ ಮೊದಲ ಸಲ ಹೀಗೇ ಆಗಿತ್ತು. ಲೋಟದಿಂದ ಅಂದಾಜಲ್ಲಿ ಬಿಸಿನೀರು ಸುರಿದಿದ್ದೆ. ಪುಡಿ, ಸಕ್ಕರೆ, ಬಿಸಿನೀರು ಮೂರನ್ನೂ ಒಂದೇ ಚಮಚದಲ್ಲಿ ಎರಡೆರಡು ಅಳೆಯಿರಿ. ಸಕ್ಕರೆ ಕಡಿಮೆ ಮಾಡಬೇಡಿ. ಪಾಕ ಮಂದವಾದರೇನೇ ಗಾಳಿಗುಳ್ಳೆಗಳು ಒಡೆಯದೆ ನಿಲ್ಲೋದು.

ಈಗಿರೋದನ್ನು ಚೆಲ್ಲಬೇಡಿ. ಇನ್ನೊಂದು ಚಮಚ ಪುಡಿ, ಒಂದು ಚಮಚ ಸಕ್ಕರೆ ಸೇರಿಸಿ ಕಡೆಯಿರಿ. ಕಪ್ಪು ಬಣ್ಣ ತಿಳಿಯಾಗಿ ಜೇನಿನ ಬಣ್ಣಕ್ಕೆ ಬರುತ್ತೆ. ಚಮಚ ಎಳೆದ ಗೆರೆ ಮುಚ್ಚಿಕೊಳ್ಳದೆ ಉಳಿದರೆ ಆಯ್ತು.

ಬಟ್ಟಲಲ್ಲಿ ಬೆಣ್ಣೆ, ತುಪ್ಪದ ಜಿಡ್ಡಿದ್ದರೂ ನೊರೆ ಏಳಲ್ಲ. ಮಜ್ಜಿಗೆ ಕಡೆಯೋ ಪಾತ್ರೆಯಂತೂ ಬೇಡವೇ ಬೇಡ. ಹಾಲೂ ಅಷ್ಟೇ, ಕಡೆಯುವಾಗ ಸೇರಿಸಬೇಡಿ. ಅದನ್ನು ಲೋಟಕ್ಕೆ ಹಾಕಿ, ನೊರೆಯನ್ನು ಕೊನೆಗೆ ಅದರ ಮೇಲೆ ಇಡಿ.