ಎಂಎಸ್‌ಡಬ್ಲ್ಯು ಮುಗಿಸಿ ರಾಯಚೂರಿನಲ್ಲೇ ಎನ್‌ಜಿಒ ಕೆಲಸ: ಹೊಟ್ಟೆ ತುಂಬುತ್ತಾ?

ಪ್ರಶ್ನೆ: ಎಂಎಸ್‌ಡಬ್ಲ್ಯು ಮುಗಿಸಿದ್ದೇನೆ, ಹಳ್ಳಿ ಕೆಲಸ ಅಂದ್ರೆ ಇಷ್ಟ. ರಾಯಚೂರಿನ ಎನ್‌ಜಿಒ ತಿಂಗಳಿಗೆ 20,000 ಕೊಡ್ತೀವಿ ಅಂದಿದೆ. ಆಸಕ್ತಿ ನಂಬಿಕೊಂಡು ಬದುಕಬಹುದಾ?

ಉತ್ತರ: ಒಂಟಿಯಾಗಿದ್ದರೆ ಬದುಕಬಹುದು, ಆದರೆ ಆ 20,000 ನಿಮ್ಮ ಕೈಗೆ ಬರುತ್ತಾ ನೋಡಿ. ಎಷ್ಟೋ ಕಡೆ ಸಂಸ್ಥೆಯ ಪಾಲಿನ ಪಿಎಫ್ ಕೂಡ ಅದರಲ್ಲೇ ಸೇರಿರುತ್ತದೆ. ಮೂಲ ವೇತನ 15,000 ಅಂದುಕೊಳ್ಳಿ. ಶೇ. 12ರಂತೆ ನಿಮ್ಮದು 1,800, ಅವರದು 1,800. ಕೈಗೆ ಉಳಿಯುವುದು ಸುಮಾರು 16,400. ಕೆಲಸ ದೇವದುರ್ಗ ತಾಲ್ಲೂಕಿನ ಹಳ್ಳಿಗಳಲ್ಲಿದ್ದರೆ ಸ್ವಂತ ಬೈಕಿನಲ್ಲಿ ಓಡಾಡಬೇಕು, ಹೋಗಿ ಬರಲು ನೂರು ಕಿಲೋಮೀಟರ್ ದಾಟುತ್ತದೆ. ಪೆಟ್ರೋಲಿಗೆ ದಿನಕ್ಕೆ 200 ರೂಪಾಯಿ, ತಿಂಗಳಲ್ಲಿ 15 ದಿನ ಹೋದರೆ 3,000. ಇದನ್ನು ಬೇರೆಯಾಗಿ ಕೊಡದಿದ್ದರೆ ನಿಮ್ಮ ಸಂಬಳ 13,400 ಅಷ್ಟೇ. ಆಫರ್ ಲೆಟರ್‌ನಲ್ಲಿ ಕಿಲೋಮೀಟರಿಗೆ ಎಷ್ಟು ಅಂತ ಬರೆಸಿಕೊಳ್ಳಿ, ಬಾಯಿಮಾತು ಬೇಡ.

ಇನ್ನೊಂದು ವಿಷಯ, ಇದೇ ದೊಡ್ಡದು. ನಿಮ್ಮ ಹುದ್ದೆ ಸಂಸ್ಥೆಯದ್ದಲ್ಲ, ಪ್ರಾಜೆಕ್ಟಿನದು. ದುಡ್ಡು ಯಾರದು, ಯಾವ ತಿಂಗಳವರೆಗೆ ಮಂಜೂರಾಗಿದೆ ಅಂತ ಸಂದರ್ಶನದಲ್ಲೇ ಕೇಳಿ. ಕಂಪನಿಗಳ ಸಿಎಸ್‌ಆರ್ ಹಣದಲ್ಲಿ ಮುಂದುವರಿಯುವ ಯೋಜನೆಗೂ ಶುರುವಾದ ವರ್ಷ ಬಿಟ್ಟು ಮೂರು ವರ್ಷವೇ ಮಿತಿ. ವಿದೇಶಿ ದೇಣಿಗೆಯಾದರೆ ಆಡಳಿತ ಖರ್ಚು ಶೇ. 20 ಮೀರುವಂತಿಲ್ಲ, 2020ರವರೆಗೆ ಅದು 50 ಇತ್ತು. ಹಾಗಾಗಿ ಎರಡು ಪ್ರಾಜೆಕ್ಟ್ ನಡುವೆ ಸಿಬ್ಬಂದಿಯನ್ನು ಇಟ್ಟುಕೊಳ್ಳಲು ಸಂಸ್ಥೆ ಹತ್ತಿರ ದುಡ್ಡೇ ಇರುವುದಿಲ್ಲ. ಫೀಲ್ಡಿನವರೇ ಮೊದಲು ಮನೆಗೆ ಹೋಗೋದು, ಅಲ್ವಾ? ಸೇರಿದ ಮೊದಲ ವರ್ಷವೇ ಬಜೆಟ್, ಪ್ರಸ್ತಾವನೆ, ದಾನಿಗಳಿಗೆ ಕಳಿಸುವ ವರದಿ ಬರೆಯಲು ಕಲಿಯಿರಿ. ಮುಂದಿನ ಪ್ರಾಜೆಕ್ಟ್ ತರಬಲ್ಲವರನ್ನು ಸಂಸ್ಥೆ ಸುಮ್ನೆ ಬಿಡುವುದಿಲ್ಲ.