ಕೀಮೋ ದಿನಗಳಲ್ಲಿ ಇಷ್ಟದ ಅಡುಗೆ ಬೇಡ

"ಅಮ್ಮನಿಗೆ ಕೀಮೋ ನಡೆಯುತ್ತಿದೆ. ಏನು ತಿಂದರೂ ಕಬ್ಬಿಣ ನೆಕ್ಕಿದ ಹಾಗಿದೆ ಅಂತಾರೆ, ವಾಕರಿಕೆ ಬೇರೆ. ಇಷ್ಟವಾದದ್ದನ್ನೇ ಮಾಡಿಕೊಟ್ಟರೂ ಎರಡು ತುತ್ತಿಗೆ ತಟ್ಟೆ ತಳ್ಳುತ್ತಾರೆ. ಇನ್ನೇನು ಮಾಡಿಕೊಡಲಿ?"

ಮೊದಲು ಆ ಇಷ್ಟದ ಅಡುಗೆಯನ್ನೇ ನಿಲ್ಲಿಸಿ. ಕೀಮೋದ ದಿನ ಮತ್ತು ವಾಕರಿಕೆ ಜೋರಾಗಿರುವ ಮುಂದಿನ ಎರಡು ಮೂರು ದಿನ ಅದು ಒಲೆ ಹತ್ತಲೇಬಾರದು. ಹೊಟ್ಟೆ ತೊಳಸುವ ಹೊತ್ತಿಗೆ ಬಾಯಲ್ಲಿದ್ದ ರುಚಿಯನ್ನೂ ಆ ಸಂಕಟವನ್ನೂ ಮೆದುಳು ಒಟ್ಟಿಗೆ ಗಂಟು ಹಾಕಿಬಿಡುತ್ತದೆ. ವಾಂತಿ ಬಂದದ್ದು ಔಷಧಿಯಿಂದ ಅಂತ ಅಮ್ಮನಿಗೆ ಚೆನ್ನಾಗಿ ಗೊತ್ತಿದ್ದರೂ ಗಂಟು ಬಿಚ್ಚುವುದಿಲ್ಲ. ಚಿಕಿತ್ಸೆ ಮುಗಿದ ಮೇಲೂ ಆ ಅಡುಗೆಯ ವಾಸನೆ ಬಂದರೆ ಹೊಟ್ಟೆ ತಿರುಗಬಹುದು. ಪ್ರೀತಿಯಿಂದ ಮಾಡಿದ್ದೇ ಹೀಗೆ ಕೈತಪ್ಪುತ್ತದೆ. ಅದನ್ನು ಹಸಿವು ಮರಳುವ ದಿನಗಳಿಗೆ ಉಳಿಸಿ, ಈಗ ಸಪ್ಪೆಯದ್ದನ್ನೇ ಕೊಡಿ.

ಎರಡನೆಯದು ತಟ್ಟೆ. ತುಂಬಿದ ತಟ್ಟೆ ನೋಡಿದರೇ ಸಾಕಾಗುತ್ತದೆ, ಹಾಗಂತ ಹೊಟ್ಟೆ ಖಾಲಿ ಬಿಟ್ಟರೆ ವಾಕರಿಕೆ ಹೆಚ್ಚುತ್ತದೆ. ಎರಡು ಎರಡೂವರೆ ಗಂಟೆಗೊಮ್ಮೆ ಅರ್ಧ ಬಟ್ಟಲು ಕೊಡಿ. ಊಟದ ಜೊತೆ ನೀರು ಒಂದೆರಡು ಗುಟುಕು ಸಾಕು, ಇಲ್ಲದಿದ್ದರೆ ಹೊಟ್ಟೆ ನೀರಿನಲ್ಲೇ ತುಂಬುತ್ತದೆ. ನಡುವಿನ ಹೊತ್ತಿನಲ್ಲಿ ಗುಟುಕು ಗುಟುಕಾಗಿ ಕುಡಿಯಲಿ.

ನಾನಾದರೆ ಒಂದು ದಿನವನ್ನು ಹೀಗೆ ಹಂಚುತ್ತೇನೆ. ಬೆಳಿಗ್ಗೆ ಹಾಸಿಗೆಯಲ್ಲೇ ಎರಡು ಒಣ ಬಿಸ್ಕತ್ತು. ಆಮೇಲೆ ತಣ್ಣಗಿನ ಹಾಲು ಒಂದು ಲೋಟ, ಅಂದರೆ 240 ಮಿ.ಲೀ. ಅದಕ್ಕೆ ಎರಡು ದೊಡ್ಡ ಚಮಚ ಹಾಲಿನ ಪುಡಿ ಕದಡಿದರೆ 8 ಗ್ರಾಂ ಇದ್ದ ಪ್ರೋಟೀನ್ ಸುಮಾರು 12ಕ್ಕೇರುತ್ತದೆ, ಕುಡಿಯುವ ಪ್ರಮಾಣ ಹೆಚ್ಚುವುದಿಲ್ಲ. ಒಂದೇ ಸಲ ಬೇಡ, ಎರಡು ಹೊತ್ತಿಗೆ ಹಂಚಿ. ಮಧ್ಯಾಹ್ನ ಮೆತ್ತಗಿನ ಅನ್ನ, ಮೊಸರು. ಸಂಜೆ ಪೂರ್ತಿ ಬೆಂದ ಮೊಟ್ಟೆ ಒಂದು, ರಾತ್ರಿ ಬೇಳೆಯ ಗಂಜಿ. ಎಲ್ಲವೂ ಆರಿದ ಮೇಲೆ ಬಡಿಸಿ. ಬಿಸಿಯಲ್ಲಿ ಏಳುವ ಹಬೆಯ ವಾಸನೆಯೇ ಎಷ್ಟೋ ಜನರನ್ನು ಅಡುಗೆಮನೆಯಿಂದ ಓಡಿಸುತ್ತದೆ. ಬೇಯಿಸುವಾಗ ಅಮ್ಮ ಇನ್ನೊಂದು ಕೋಣೆಯಲ್ಲಿದ್ದರೆ ಒಳ್ಳೆಯದು.

ಕಬ್ಬಿಣದ ರುಚಿಗೆ ಸ್ಟೀಲ್ ಚಮಚ ಬಿಟ್ಟು ಮರದ್ದೋ ಪ್ಲಾಸ್ಟಿಕ್ಕಿನದೋ ಕೊಡಿ, ತಟ್ಟೆ ಪಿಂಗಾಣಿಯದಿರಲಿ. ಕೆಂಪು ಮಾಂಸದಲ್ಲಿ ಆ ರುಚಿ ಇನ್ನೂ ಎದ್ದು ಕಾಣುವುದರಿಂದ ಅದರ ಬದಲು ಬೇಳೆ, ಮೊಟ್ಟೆ, ಮೊಸರು ಸಾಕು. ತಿನ್ನುವ ಮುಂಚೆ ಒಂದು ಲೋಟ ಉಗುರುಬೆಚ್ಚನೆ ನೀರಿಗೆ ಕಾಲು ಟೀ ಚಮಚ ಅಡುಗೆ ಸೋಡಾ, ಅದರ ಅರ್ಧದಷ್ಟು ಉಪ್ಪು ಕರಗಿಸಿ ಬಾಯಿ ಮುಕ್ಕಳಿಸಿ ಉಗುಳಲಿ. ನಿಂಬೆ ರಸದ ಹುಳಿ ಲೋಹದ ರುಚಿಯನ್ನು ಮುಚ್ಚುತ್ತದೆ, ಆದರೆ ಬಾಯಲ್ಲಿ ಹುಣ್ಣಿದ್ದರೆ ಉರಿಯುತ್ತದೆ, ಆಗ ಹುಳಿ ಬೇಡ.

ವಾಕರಿಕೆಯ ಮಾತ್ರೆಯನ್ನು ವೈದ್ಯರು ಹೇಳಿದ ಹೊತ್ತಿಗೇ ಕೊಡಿ, ವಾಕರಿಕೆ ಏರಿದ ಮೇಲೆ ಕೊಟ್ಟರೆ ಹಿಡಿತಕ್ಕೆ ಬರುವುದು ಕಷ್ಟ. ಹೊತ್ತಿಗೆ ಸರಿಯಾಗಿ ಕೊಟ್ಟೂ ತಡೆಯದಿದ್ದರೆ ಮಾತ್ರೆ ಬದಲಿಸಲು ಕೇಳಿ, ಬೇರೆ ಬಗೆಯವೂ ಇವೆ. ಇಡೀ ದಿನ ನೀರೂ ನಿಲ್ಲದಿದ್ದರೆ, ಅಥವಾ ಜ್ವರ 38 ಡಿಗ್ರಿ ಸೆಲ್ಸಿಯಸ್ ತಲುಪಿದರೆ, ಅಡುಗೆಯ ಯೋಚನೆ ಬಿಟ್ಟು ತಕ್ಷಣ ಆಸ್ಪತ್ರೆಗೆ ಫೋನ್ ಮಾಡಿ.