ಹುಟ್ಟದ ಮೊಮ್ಮಗನಿಗೆ ತೋಟ ಬರೆಯುವುದು ಹೇಗೆ?

"ಮಗನಿಗೆ ಇನ್ನೂ ಮದುವೆ ಆಗಿಲ್ಲ. ನಾಲ್ಕು ಎಕರೆ ತೆಂಗಿನ ತೋಟ ಮಗನ ನಂತರ ಮೊಮ್ಮಗನಿಗೆ, ಆಮೇಲೆ ಮರಿಮಗನಿಗೆ ಹೋಗಬೇಕು. ಯಾರೂ ಮಾರಬಾರದು. ವಿಲ್ ಹೇಗೆ ಬರೆಯಲಿ?"

ಅಣ್ಣಾ, ಆಗದ ದಾರಿಗಳನ್ನು ಒಂದೊಂದಾಗಿ ತೆಗೆದುಹಾಕೋಣ. ಉಳಿದದ್ದೇ ನಿಮ್ಮ ದಾರಿ.

ನಿಮ್ಮ ಪ್ರಶ್ನೆಗೆ ಮೇಲೆ ಉತ್ತರಿಸಿದ ಒಬ್ಬರು ಈಗಲೇ ಮೊಮ್ಮಗನ ಹೆಸರಿಗೆ ದಾನಪತ್ರ ಮಾಡಿ ಎಂದಿದ್ದಾರೆ. ಅದು ಆಗಲ್ಲ. ಹುಟ್ಟದ ಮಗುವಿಗೆ ನೇರವಾಗಿ ಕೊಡಲು ಬರುವುದಿಲ್ಲ. ನಡುವೆ ಬದುಕಿರುವವರೊಬ್ಬರ ಕೈಯಲ್ಲಿ ಆಸ್ತಿ ಇರಬೇಕು. ಇಲ್ಲಿ ನಿಮ್ಮ ಮಗ.

ಹಾಗಾದರೆ ಮಗನಿಗೆ ಬದುಕಿರುವವರೆಗೆ, ಮೊಮ್ಮಗನಿಗೂ ಬದುಕಿರುವವರೆಗೆ, ಆಮೇಲೆ ಮರಿಮಗನಿಗೆ ಪೂರ್ತಿ ಅಂತ ಬರೆದರೆ? ಹೆಚ್ಚು ಜನ ಎಡವುವುದು ಇಲ್ಲೇ. ಹುಟ್ಟದವನಿಗೆ ಕೊಡುವುದಾದರೆ ಉಳಿದ ಹಕ್ಕನ್ನು ಪೂರ್ತಿಯಾಗಿ ಕೊಡಬೇಕು, ಅನುಭವಿಸುವ ಹಕ್ಕು ಮಾತ್ರ ಕೊಟ್ಟರೆ ನಿಲ್ಲುವುದಿಲ್ಲ. ದಾನಪತ್ರಕ್ಕೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 13ನೇ ಕಲಂ, ವಿಲ್‌ಗೆ 1925ರ ಉತ್ತರಾಧಿಕಾರ ಕಾಯ್ದೆಯ 113ನೇ ಕಲಂ ಇದನ್ನೇ ಹೇಳುತ್ತವೆ. ಮೊಮ್ಮಗನ ಭಾಗ ಬಿದ್ದರೆ ಅದರ ಹಿಂದೆ ನಿಂತ ಮರಿಮಗನ ಭಾಗವೂ ಬೀಳುತ್ತದೆ. ಮಗನ ಹಕ್ಕು ಉಳಿಯುತ್ತದೆ. ಅವನ ನಂತರ ತೋಟ ನಿಮ್ಮ ವಾರಸುದಾರರಿಗೆ ಹಂಚಿಹೋಗುತ್ತದೆ. ನೀವು ತಪ್ಪಿಸಬೇಕೆಂದಿದ್ದೇ ಅದು, ಅಲ್ವಾ?

ಮೊಮ್ಮಗನಿಗೆ ಪೂರ್ತಿ ಕೊಟ್ಟು, ಆದರೆ 25 ತುಂಬಿದಾಗ ಮಾತ್ರ ಹಕ್ಕು ಸೇರಲಿ ಎಂದರೂ ಸಿಕ್ಕಿಬೀಳುತ್ತದೆ. ಇಲ್ಲೇ ಉತ್ತರಿಸಿದ ತಿಪಟೂರಿನ ಸ್ನೇಹಿತರು, ಹಕ್ಕು ಸೇರುವುದನ್ನು ಮುಂದೂಡಲು "18 ವರ್ಷದ ಮಿತಿ ಇದೆ" ಎಂದದ್ದು ಅರ್ಧ ಸರಿ. ಆ 18 ವಿಲ್ ಬರೆದ ದಿನದಿಂದ ಎಣಿಸುವುದಲ್ಲ. ನೀವು ತೀರಿಕೊಂಡಾಗ ಬದುಕಿರುವ ಮಗನ ಆಯುಷ್ಯ ಮುಗಿಯಬೇಕು, ಆಮೇಲೆ ಮೊಮ್ಮಗು ಪ್ರಾಯಕ್ಕೆ ಬರುವವರೆಗೆ ಮಾತ್ರ ಕಾಯಬಹುದು. ಮಗು ಎರಡು ವರ್ಷದ್ದಿರುವಾಗ ಮಗ ತೀರಿಕೊಂಡ ಎಂದುಕೊಳ್ಳಿ. ಕಾಯಲು ಸಿಗುವುದು 16 ವರ್ಷ, ನಿಮ್ಮ ಷರತ್ತು ಕೇಳುವುದು 23. ಹಾಗೆ ನಿಜವಾಗಿ ಆಗಬೇಕೆಂದೇನೂ ಇಲ್ಲ. ಆಗುವ ಸಾಧ್ಯತೆ ಇದ್ದರೇ ಸಾಕು, ಆ ಮಾತು ಬಿದ್ದುಹೋಗುತ್ತದೆ. ಮಗ ಸಾಯುವಾಗ ಮಗು ಹೊಟ್ಟೆಯಲ್ಲಿದ್ದರೂ ಇದೆ ಎಂದೇ ಲೆಕ್ಕ.

"ಯಾರೂ ಮಾರಬಾರದು" ಎಂಬುದನ್ನು ಬಿಟ್ಟುಬಿಡಿ. ಪೂರ್ತಿ ಹಕ್ಕು ಸಿಕ್ಕವನನ್ನು ಹಾಗೆ ಕಟ್ಟಿಹಾಕಲು ಆಗುವುದಿಲ್ಲ.

ದೇವಸ್ಥಾನಕ್ಕೆ ಬಿಟ್ಟ ಜಮೀನಿಗೂ ಈ ಮಿತಿ ಇದೆಯೇ ಎಂದು ಇಲ್ಲಿ ಕೇಳಿದ ಅಕ್ಕ, ನಿಮ್ಮದು ಬೇರೆ. ಧರ್ಮಕಾರ್ಯಕ್ಕೆ ಬಿಟ್ಟ ಆಸ್ತಿಗೆ ಈ ಕಾಲಮಿತಿ ಅಡ್ಡ ಬರುವುದಿಲ್ಲ.

ಉಳಿದದ್ದು ಇದು: ಮಗನಿಗೆ ಅವನು ಬದುಕಿರುವವರೆಗೆ ಅನುಭವದ ಹಕ್ಕು, ಆಮೇಲೆ ಅವನ ಮಕ್ಕಳಿಗೆ ಸಮನಾಗಿ, ಪೂರ್ತಿ ಹಕ್ಕಿನೊಂದಿಗೆ. ಬೇಕಿದ್ದರೆ 18 ತುಂಬಿದಾಗ ಎಂದು ಸೇರಿಸಿ. "ಮೊಮ್ಮಗ" ಎಂದಷ್ಟೇ ಬರೆದು ಹೆಣ್ಣುಮಗು ಹುಟ್ಟಿದರೆ ಜಗಳ ಶುರುವಾಗುತ್ತದೆ, "ಮಕ್ಕಳು" ಎಂದೇ ಬರೆಸಿ. ಮಗನಿಗೆ ಮಕ್ಕಳಾಗದಿದ್ದರೆ ಯಾರಿಗೆ ಎಂಬುದನ್ನೂ ಬರೆಸಿ, ಈಗ ಬದುಕಿರುವ ಒಬ್ಬರ ಹೆಸರು ಹಾಕಿ. ಮಗಳಿದ್ದರೆ ಮಗಳು.

ತೋಟ ಸ್ವಯಾರ್ಜಿತವೋ ಪಿತ್ರಾರ್ಜಿತವೋ ನೀವು ಹೇಳಿಲ್ಲ. ಪಿತ್ರಾರ್ಜಿತವಾದರೆ ನಿಮ್ಮ ಪಾಲಿಗಷ್ಟೇ ವಿಲ್ ಮಾಡಬಹುದು. ಪಹಣಿಯ ಜೊತೆ ಹಳೇ ಕ್ರಯಪತ್ರ, ವಿಭಾಗಪತ್ರ ತೆಗೆದು ನೋಡಿ, ಇಲ್ಲೇ ತಿಳಿಸಿ.